ಉಪ್ಪಿಟ್ಟು ಕಾಂಕ್ರೀಟ್, ಅವಲಕ್ಕಿ ಮುದ್ದೆ: ತಪ್ಪಾಗಿದ್ದು ಎಲ್ಲಿ ಅಂತ ಪತ್ತೆ ಹಚ್ಚೋದು

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ತಮ್ಮನ ಫೋನ್ ಬಂತು. ವಿಜಯನಗರದಲ್ಲಿ ಗೆಳೆಯರ ಜೊತೆ ಮನೆ ಮಾಡಿಕೊಂಡಿದ್ದಾನೆ. "ಅಕ್ಕಾ, ಇವತ್ತೂ ಕಾಂಕ್ರೀಟೇ ಆಯ್ತು. ಸೌಟು ನೆಟ್ಟಗೆ ನಿಂತಿದೆ, ಬೇಕಾದ್ರೆ ಫೋಟೋ ಕಳಿಸ್ತೀನಿ" ಅಂದ. ಹಿಂದಿನ ವಾರ ಅವಲಕ್ಕಿ ಮಾಡಿದ್ದ, ಅದು ಮೊಸರನ್ನದ ಹದಕ್ಕೆ ಬಂದಿತ್ತು. "ಎರಡಕ್ಕೂ ನೀರು ಜಾಸ್ತಿ ಆಗಿರ್ಬೇಕು, ಅಲ್ವಾ?" ಅಂತ ಅವನೇ ತೀರ್ಪು ಕೊಟ್ಟ.

ಅರ್ಧ ನಿಜ. ನೀರೇನೋ ಎರಡರಲ್ಲೂ ಜಾಸ್ತಿ ಆಗಿತ್ತು. ಆದರೆ ಅವಲಕ್ಕಿ ಕೆಡುವ ದಾರಿ ಬೇರೆ, ರವೆ ಕೆಡುವ ದಾರಿ ಬೇರೆ. ಅವಲಕ್ಕಿ ನಮ್ಮ ಮನೆಗೆ ಬರುವ ಹೊತ್ತಿಗೇ ಬೆಂದಿರುತ್ತದೆ. ಭತ್ತವನ್ನು ನೆನೆಸಿ, ಹುರಿದು, ತಟ್ಟಿ ಚಪ್ಪಟೆ ಮಾಡಿರುತ್ತಾರೆ. ನಾವು ಅದಕ್ಕೆ ಕಳೆದುಹೋದ ನೀರನ್ನು ವಾಪಸ್ ಕೊಡಬೇಕು, ಅಷ್ಟೇ. ರವೆ ಹಾಗಲ್ಲ, ಅದು ಗೋಧಿಯ ಹಸಿ ಚೂರು. ಅದನ್ನು ನಾವೇ ಹುರಿಯಬೇಕು, ನಾವೇ ಬೇಯಿಸಬೇಕು. ಹಾಗಾಗಿ ಅವಲಕ್ಕಿ ಕೆಟ್ಟರೆ ನೆನೆಸಿದ ಪಾತ್ರೆಯ ಕಡೆ ನೋಡಿ. ಉಪ್ಪಿಟ್ಟು ಕೆಟ್ಟರೆ ಹುರಿದ ಬಾಣಲೆ ಮತ್ತು ನೀರಿನ ಕುದಿಯ ಕಡೆ ನೋಡಿ.

ಕೆಳಗೆ ಬರೆದಿರುವುದೆಲ್ಲ ತಟ್ಟೆಯಲ್ಲಿ ಏನು ಕಾಣುತ್ತದೆ ಅನ್ನುವುದರಿಂದ ಶುರುವಾಗುತ್ತದೆ. ಲೋಟ ಅಂದರೆ ಯಾವ ಲೋಟವಾದರೂ ಸರಿ, ಆದರೆ ರವೆಗೂ ನೀರಿಗೂ ಅದೇ ಲೋಟ ಇರಬೇಕು. ರವೆಗೆ ಕಾಫಿ ಲೋಟ, ನೀರಿಗೆ ಸ್ಟೀಲ್ ಲೋಟ ಹಿಡಿದರೆ ಮುಂದೆ ಓದಿ ಪ್ರಯೋಜನವಿಲ್ಲ.

## ಉಪ್ಪಿಟ್ಟಿನಲ್ಲಿ ಗಂಟು ಗಂಟು

ಮೊದಲು ಒಂದು ಗಂಟನ್ನು ಬೆರಳಲ್ಲಿ ಒಡೆದು ನೋಡಿ. ಕಾಸು ಖರ್ಚಿಲ್ಲದ ಪರೀಕ್ಷೆ ಇದು. ಒಳಗೆ ಬಿಳಿ ಒಣ ರವೆ ಕಂಡರೆ, ಎಲ್ಲವನ್ನೂ ಒಂದೇ ಸಲ ಸುರಿದಿದ್ದೀರಿ ಅಂತ ಅರ್ಥ. ಬಿಸಿ ನೀರು ತಾಗಿದ ತಕ್ಷಣ ರವೆ ಗುಡ್ಡೆಯ ಹೊರಭಾಗ ಅಂಟಾಗಿ ಮುಚ್ಚಿಕೊಳ್ಳುತ್ತದೆ. ಆಮೇಲೆ ನೀರು ಒಳಗೆ ಹೋಗುವುದೇ ಇಲ್ಲ. ಎಷ್ಟು ಹೊತ್ತು ಬೇಯಿಸಿದರೂ ಒಳಗಿನದು ಹಸಿಯಾಗೇ ಉಳಿಯುತ್ತದೆ.

ಇದಕ್ಕೆ ಮದ್ದು ಕೈಯಲ್ಲೇ ಇದೆ. ನೀರು ಚೆನ್ನಾಗಿ ಕುದಿಯುವಾಗ ಉರಿಯನ್ನು ಪೂರ್ತಿ ಸಣ್ಣ ಮಾಡಿ. ಎಡಗೈಯಲ್ಲಿ ರವೆಯನ್ನು ರಂಗೋಲಿ ಪುಡಿ ಬಿಟ್ಟ ಹಾಗೆ ಬಿಡುತ್ತಾ, ಬಲಗೈಯಲ್ಲಿ ತಿರುಗಿಸುತ್ತಾ ಇರಿ. ಒಂದು ಲೋಟ ರವೆ ಬಿಡಲು ಅರ್ಧ ನಿಮಿಷವಾದರೂ ಹಿಡಿಯಬೇಕು. ಉರಿ ಸಣ್ಣ ಮಾಡುವುದು ಗಂಟಿನ ಸಲುವಾಗಿ ಮಾತ್ರ ಅಲ್ಲ. ದೊಡ್ಡ ಉರಿಯಲ್ಲಿ ರವೆ ಬಿದ್ದರೆ ಕೊತಕೊತ ಅಂತ ಸಿಡಿಯುತ್ತದೆ. ಅದು ಅಂಟಿನ ಹಾಗೆ ಚರ್ಮಕ್ಕೆ ಕಚ್ಚಿಕೊಳ್ಳುವುದರಿಂದ ಬರೀ ನೀರು ಬಿದ್ದದ್ದಕ್ಕಿಂತ ಕೆಟ್ಟದಾಗಿ ಸುಡುತ್ತದೆ. ಉದ್ದ ಹಿಡಿಯ ಸೌಟು ಹಿಡಿಯಿರಿ, ಮಕ್ಕಳನ್ನು ಸ್ವಲ್ಪ ಹೊತ್ತು ಒಲೆಯಿಂದ ದೂರ ಇಡಿ. ಸುಟ್ಟರೆ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಐಸ್ ಏನೂ ಬೇಡ. ಬೊಬ್ಬೆ ದೊಡ್ಡದಾಗಿದ್ದರೆ, ಅಥವಾ ಮುಖಕ್ಕೆ ಸಿಡಿದಿದ್ದರೆ, ಡಾಕ್ಟರ ಹತ್ತಿರ ಹೋಗಿ.

## ಗಂಟಿಲ್ಲ, ಆದರೆ ಎಲ್ಲಾ ಒಂದೇ ಮುದ್ದೆ

ತಮ್ಮನದು ಇದೇ ಕೇಸು. ಕಾಳು ಕಾಳಾಗಿ ಬಿಡಿಸಿಕೊಳ್ಳಬೇಕಾದ ರವೆ ಗೋಡೆಗೆ ಹಚ್ಚುವ ಪುಟ್ಟಿಯ ಹಾಗೆ ಆಗಿತ್ತು. ಫೋನಲ್ಲೇ ಒಂದೊಂದಾಗಿ ಕೇಳುತ್ತಾ ಹೋದೆ. ಸುಲಭದ್ದು ಮೊದಲು.

"ಯಾವ ರವೆ?" ಪ್ಯಾಕೆಟ್ ಓದಿ ಹೇಳಿದ, ಮೀಡಿಯಂ ರವೆ. ಸರಿ, ಅಲ್ಲಿ ತಪ್ಪಿಲ್ಲ. ಚಿರೋಟಿ ರವೆ ಅಂದಿದ್ದರೆ ವಿಚಾರಣೆ ಅಲ್ಲೇ ಮುಗಿಯುತ್ತಿತ್ತು. ಅದು ಹಿಟ್ಟಿನಷ್ಟು ನುಣುಪು. ಕೇಸರಿಬಾತಿಗೆ, ಒಬ್ಬಟ್ಟಿನ ಕಣಕಕ್ಕೆ ಚೆನ್ನ, ಉಪ್ಪಿಟ್ಟಿಗೆ ಉದುರು ಬರುವುದಿಲ್ಲ.

"ಹುರಿದ್ಯಾ?" ಒಂದೆರಡು ನಿಮಿಷ ಬಿಸಿ ಮಾಡಿದೆ ಅಂದ. ಇಲ್ಲಿ ಮೊದಲ ತಪ್ಪು ಸಿಕ್ಕಿತು. ಒಂದು ಲೋಟ ರವೆಗೆ ಸಣ್ಣ ಉರಿಯಲ್ಲಿ 6ರಿಂದ 8 ನಿಮಿಷ ಬೇಕು, ಎರಡು ಲೋಟಕ್ಕೆ ಇನ್ನೂ ಜಾಸ್ತಿ. ಆದರೆ ಗಡಿಯಾರಕ್ಕಿಂತ ಕೈಯನ್ನು ನಂಬಿ. ಹಸಿ ರವೆಯನ್ನು ಸೌಟಿನಲ್ಲಿ ಎತ್ತಿದರೆ ಗುಡ್ಡೆಗುಡ್ಡೆಯಾಗಿ ಬೀಳುತ್ತದೆ. ಹದವಾಗಿ ಹುರಿದದ್ದು ಒಣ ಮರಳಿನ ಹಾಗೆ ಸೊರ್ ಅಂತ ಜಾರುತ್ತದೆ. ಘಮ ಅಡುಗೆಮನೆಯಿಂದ ಆಚೆ ಬಂದಿರಬೇಕು. ಬಣ್ಣ ಬದಲಾಗಬೇಕಿಲ್ಲ, ಬಿಳಿಯ ಹೊಳಪು ಸ್ವಲ್ಪ ಮಾಸಿದರೆ ಸಾಕು. ಕೆಂಪಗಾದರೆ ಸುಟ್ಟ ರುಚಿ ಬರುತ್ತದೆ. ಒಂದು ಚಮಚ ಎಣ್ಣೆ ಹಾಕಿ ಹುರಿದರೆ ಪ್ರತಿ ಕಾಳಿಗೂ ತೆಳ್ಳಗೆ ಒಂದು ಲೇಪ ಸಿಗುತ್ತದೆ, ಬೆಂದ ಮೇಲೆ ಒಂದಕ್ಕೊಂದು ಅಂಟುವುದು ಕಡಿಮೆಯಾಗುತ್ತದೆ.

"ನೀರು ಕುದೀತಿತ್ತಾ?" ಇಂಡಕ್ಷನ್ ಒಲೆ, ತಳದಲ್ಲಿ ಗುಳ್ಳೆ ಬರ್ತಿತ್ತು ಅಂದ. ಎರಡನೇ ತಪ್ಪು. ತಳದಲ್ಲಿ ಸಣ್ಣ ಗುಳ್ಳೆ ಎದ್ದರೆ ಅದು ಕುದಿ ಅಲ್ಲ. ನೀರಿನ ಮೇಲ್ಮೈ ಪೂರ್ತಿ ಹೊರಳಾಡಬೇಕು, ಒಗ್ಗರಣೆಯ ಕರಿಬೇವು ಮೇಲೆ ಕೆಳಗೆ ಸುತ್ತಬೇಕು. ಬರೀ ಬೆಚ್ಚಗಿನ ನೀರಿಗೆ ಬಿದ್ದ ರವೆ ಬೇಯುವ ಬದಲು ನೆನೆಯುತ್ತದೆ. ಆಮೇಲೆ ಅದು ನಿಧಾನಕ್ಕೆ ಬಿಸಿಯಾಗುವಾಗ ನೀವು ತಿರುಗಿಸುತ್ತಲೇ ಇರುತ್ತೀರಿ, ಉಬ್ಬಿದ ಕಾಳುಗಳ ಪಿಷ್ಟ ಹೊರಗೆ ಬಂದು ಅಂಟಾಗುತ್ತದೆ.

"ನೀರು ಎಷ್ಟು?" ಎರಡು ಲೋಟ ರವೆ, ಆರು ಲೋಟ ನೀರು. ಜೊತೆಗೆ ಮೂರು ಟೊಮೆಟೊ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಒಂದಕ್ಕೆ ಮೂರು ಅನ್ನುವ ಲೆಕ್ಕ ಸುಳ್ಳಲ್ಲ. ದರ್ಶಿನಿಗಳಲ್ಲಿ ಬಟ್ಟಲಲ್ಲಿ ಒತ್ತಿ ಗುಂಡಗೆ ತಟ್ಟೆಗೆ ಕವುಚುತ್ತಾರಲ್ಲ, ಆ ಖಾರಾಬಾತಿನ ಲೆಕ್ಕ ಅದು. ಅದು ಮೆತ್ತಗೇ ಇರಬೇಕು, ಎಣ್ಣೆ ತುಪ್ಪವೂ ಧಾರಾಳ. ಮನೆಯ ಉದುರು ಉಪ್ಪಿಟ್ಟಿಗೆ ಮೀಡಿಯಂ ರವೆ ಒಂದು ಲೋಟಕ್ಕೆ ಎರಡು ಲೋಟ ನೀರು, ತುಂಬಾ ಆದರೆ ಎರಡೂಕಾಲು. ಬನ್ಸಿ ರವೆ ದಪ್ಪ, ಗಟ್ಟಿ ಗೋಧಿಯದು, ಅದಕ್ಕೆ ಎರಡೂವರೆ. ಖಾರಾಬಾತಿನ ಅಳತೆ ಹಿಡಿದು ಉದುರುದುರಾದ ಉಪ್ಪಿಟ್ಟು ಬರಲಿಲ್ಲ ಅಂತ ಕೊರಗುವವರು ನನ್ನ ಪರಿಚಯದಲ್ಲೇ ನಾಲ್ಕು ಜನ ಇದ್ದಾರೆ.

ಇನ್ನೊಂದು ವಿಷಯ. ಅಳತೆ ಎರಡರಷ್ಟು ಮಾಡುವಾಗ ನೀರನ್ನು ಪೂರ್ತಿ ಎರಡರಷ್ಟು ಮಾಡಬೇಡಿ. ಕುದಿಯುವಾಗ ಎಷ್ಟು ನೀರು ಆವಿಯಾಗಿ ಹೋಗುತ್ತದೆ ಅನ್ನುವುದು ಬಾಣಲೆಯ ಬಾಯಗಲ ಮತ್ತು ಸಮಯದ ಮೇಲಿದೆ. ಅದೇ ಬಾಣಲೆಯಲ್ಲಿ ರವೆ ಎರಡರಷ್ಟಾದರೂ ಆವಿ ಎರಡರಷ್ಟಾಗುವುದಿಲ್ಲ. ಒಂದು ಲೋಟಕ್ಕೆ ಎರಡೂಕಾಲು ಹಾಕುವವರು ಎರಡು ಲೋಟಕ್ಕೆ ನಾಲ್ಕೂವರೆ ಬದಲು ನಾಲ್ಕೇ ಹಾಕಿ ನೋಡಿ.

ಆ ಮೇಲೆ ಅಳತೆಗೆ ಸಿಗದ ನೀರು. ಮೂರು ಹಣ್ಣು ಟೊಮೆಟೊ ಬಾಡಿದರೆ ಹತ್ತಿರ ಹತ್ತಿರ ಒಂದು ಲೋಟ ರಸ ಬಿಡುತ್ತದೆ. ಡಿಸೆಂಬರ್‌ನಲ್ಲಿ ಅವರೆಕಾಳು ಬಂದಾಗ ನಮ್ಮ ಮನೆಯಲ್ಲೂ ಇದೇ ಎಡವಟ್ಟು ಆಗುತ್ತಿತ್ತು. ಕಾಳನ್ನು ಬೇರೆ ಬೇಯಿಸಿ, ನೀರಿನ ಸಮೇತ ಸುರಿದು, ಮೇಲೆ ರವೆಯ ಲೆಕ್ಕದ ನೀರು ಬೇರೆ. ಅತ್ತೆ ಒಂದು ದಿನ ನೋಡಿ "ಆ ಕಟ್ಟು ನೀರಲ್ವೇನಮ್ಮಾ?" ಅಂದರು. ಅಂದಿನಿಂದ ಅವರೆ ಬೇಯಿಸಿದ ನೀರನ್ನೇ ಮೊದಲು ಲೋಟದಲ್ಲಿ ಅಳೆದು, ಕಮ್ಮಿ ಬಿದ್ದಷ್ಟಕ್ಕೆ ಮಾತ್ರ ಬೇರೆ ನೀರು ಹಾಕುತ್ತೇನೆ. ಘಮವೂ ಜಾಸ್ತಿ.

ತಮ್ಮನ ಲೆಕ್ಕ ಹೀಗೆ ಕೂಡಿತು. ಎರಡು ಲೋಟ ರವೆಗೆ ನಾಲ್ಕು ಲೋಟ ನೀರು ಸಾಕಿತ್ತು, ಬಿದ್ದದ್ದು ಟೊಮೆಟೊ ಸೇರಿ ಏಳರ ಹತ್ತಿರ. ಮುಂದಿನ ಭಾನುವಾರ ಒಂದು ಟೊಮೆಟೊ, ಮೂರೂಮುಕ್ಕಾಲು ಲೋಟ ನೀರು, ಹನ್ನೆರಡು ನಿಮಿಷ ಹುರಿದ ರವೆ. ಕುದಿ ಬಂದ ಮೇಲೆ ರವೆ ಬಿಟ್ಟು, ಮುಚ್ಚಿ, ಅತಿ ಸಣ್ಣ ಉರಿಯಲ್ಲಿ 5 ನಿಮಿಷ, ಒಲೆ ಆರಿಸಿ ಇನ್ನೂ 5 ನಿಮಿಷ ಹಾಗೇ. ಈ ಕೊನೆಯ ಐದು ನಿಮಿಷ ಮುಚ್ಚಳ ತೆಗೆಯುವ ಹಾಗಿಲ್ಲ. ಕಾಳಿನ ಒಳಗೆ ಹಬೆ ಹೋಗಿ ಅರಳುವುದು ಆಗಲೇ. ಆಮೇಲೆ ಫೋರ್ಕಿನಿಂದ ಅಂಚಿನಿಂದ ಮೇಲಕ್ಕೆ ಎತ್ತಿ ಬಿಡಿಸಿದ. ಫೋಟೋ ಬಂತು, ಈ ಸಲ ಸೌಟು ಪಕ್ಕದಲ್ಲಿ ಮಲಗಿತ್ತು.

ಈಗಾಗಲೇ ಮುದ್ದೆಯಾಗಿದ್ದರೆ ತಿರುಗಿಸುವುದನ್ನು ಮೊದಲು ನಿಲ್ಲಿಸಿ. ತಿರುಗಿಸಿದಷ್ಟೂ ಅಂಟು ಜಾಸ್ತಿ. ಹಸಿ ರವೆ ಸೇರಿಸಿ ಸರಿಮಾಡಲು ಹೋಗಬೇಡಿ, ಅದು ಬೇಯದೆ ಹಲ್ಲಿಗೆ ಸಿಗುತ್ತದೆ. ಅಗಲ ತಟ್ಟೆಗೆ ಹರಡಿದರೆ ಹಬೆ ಹೋಗಿ ಸ್ವಲ್ಪ ಸುಧಾರಿಸುತ್ತದೆ. ಅದಕ್ಕೂ ಬಗ್ಗದಿದ್ದರೆ ಈರುಳ್ಳಿ, ಅಕ್ಕಿ ಹಿಟ್ಟು ಕಲಸಿ ಹೆಂಚಿನ ಮೇಲೆ ರೊಟ್ಟಿ ತಟ್ಟಿ. ಯಾರಿಗೂ ಗೊತ್ತಾಗುವುದಿಲ್ಲ.

## ಉದುರಾಗಿದೆ, ಆದರೆ ಹಲ್ಲಿಗೆ ಕಚಕಚ

ನೀರು ಕಮ್ಮಿ, ಅಥವಾ ಮುಚ್ಚಳ ಸರಿಯಾಗಿ ಕೂತಿಲ್ಲ. ಎರಡು ಕಾಳು ಬಾಯಿಗೆ ಹಾಕಿ ನೋಡಿ. ಹಸಿ ಹಿಟ್ಟಿನ ವಾಸನೆ ಇದ್ದರೆ ಬೇಯಲು ನೀರು ಸಾಲಲಿಲ್ಲ. ಕಾಲು ಲೋಟ ಕುದಿಯುವ ನೀರನ್ನು ಕೈಯಲ್ಲಿ ಚಿಮುಕಿಸಿದ ಹಾಗೆ ಚಮಚದಿಂದ ಎಲ್ಲಾ ಕಡೆ ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ 3 ನಿಮಿಷ ಬಿಡಿ. ತಣ್ಣೀರು ಹಾಕಬೇಡಿ, ಹಾಕಿದ ಜಾಗದಲ್ಲೇ ಅಂಟಾಗುತ್ತದೆ.

ಕರಾವಳಿಯಿಂದ ಬಂದವರು ಇಲ್ಲಿ ಎಲ್ಲವೂ ಸ್ವಲ್ಪ ನಿಧಾನ ಬೇಯುತ್ತದೆ ಅನ್ನುತ್ತಾರೆ. ಸುಳ್ಳಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ನೀರು ಇಲ್ಲಿ ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಉಪ್ಪಿಟ್ಟಿಗೆ ಅದರಿಂದ ಆಗುವ ವ್ಯತ್ಯಾಸ ಒಂದು ನಿಮಿಷ ಇರಬಹುದು, ಅಷ್ಟೇ. ಕೆಟ್ಟ ಉಪ್ಪಿಟ್ಟಿಗೆ ಊರನ್ನು ದೂರಬೇಡಿ.

## ಅವಲಕ್ಕಿ ಮುದ್ದೆಯಾಗಿದೆ

ಮೊದಲು ಒಣ ಅವಲಕ್ಕಿಯನ್ನು ಬೆಳಕಿಗೆ ಹಿಡಿದು ನೋಡಿ. ಬೆಳಕು ಆಚೆಯಿಂದ ಕಾಣುವಷ್ಟು ತೆಳ್ಳಗಿದ್ದರೆ ಅದು ಪೇಪರ್ ಅವಲಕ್ಕಿ. ಅದು ಚೂಡಕ್ಕೆ, ಹಚ್ಚಿದ ಅವಲಕ್ಕಿಗೆ. ನೀರಲ್ಲಿ ಅದ್ದಿದರೆ ಕರಗಿಹೋಗುತ್ತದೆ. ಒಗ್ಗರಣೆ ಅವಲಕ್ಕಿಗೆ ಮೀಡಿಯಂ ಅಥವಾ ಗಟ್ಟಿ ಅವಲಕ್ಕಿ ಬೇಕು.

ಆಮೇಲೆ ಜರಡಿ. ಪ್ಯಾಕೆಟ್ ತಳದಲ್ಲಿರುವ ಪುಡಿ, ನುಚ್ಚು ಎಲ್ಲಕ್ಕಿಂತ ಮೊದಲು ನೀರು ಕುಡಿದು ಅಂಟಾಗಿ ಚೆನ್ನಾಗಿರುವ ಎಸಳುಗಳನ್ನೂ ಹಿಡಿದುಕೊಳ್ಳುತ್ತದೆ. ಆ ನುಚ್ಚನ್ನು ಎಸೆಯಬೇಡಿ, ಗೊಜ್ಜವಲಕ್ಕಿಗೆ ಹೇಗೂ ತರಿ ಮಾಡಿಕೊಳ್ಳಬೇಕಲ್ಲ.

ಇಷ್ಟೂ ಸರಿಯಿದ್ದರೆ ತಪ್ಪು ನೆನೆಸಿದ್ದರಲ್ಲೇ. ನಾನೂ ಬಹಳ ದಿನ "5 ನಿಮಿಷ ನೆನೆಸಿ" ಅನ್ನುವುದನ್ನು ನಂಬಿದ್ದೆ. ಒಂದು ದಿನ ಸುಮ್ನೆ ಮೂರು ಬಟ್ಟಲಲ್ಲಿ ಒಂದೊಂದು ಹಿಡಿ ಮೀಡಿಯಂ ಅವಲಕ್ಕಿ ಇಟ್ಟುಕೊಂಡೆ. ಒಂದನ್ನು ತೊಳೆದು ಅರ್ಧ ನಿಮಿಷಕ್ಕೇ ಬಸಿದೆ. ಇನ್ನೊಂದನ್ನು ಎರಡು ನಿಮಿಷಕ್ಕೆ, ಮೂರನೆಯದನ್ನು ಐದು ನಿಮಿಷಕ್ಕೆ. ಬಸಿದ ತಕ್ಷಣ ನೋಡಿದರೆ ಮೊದಲನೆಯದು ಗಟ್ಟಿ, ಎರಡನೆಯದು ಹದ, ಮೂರನೆಯದು ಮೆತ್ತಗೆ. ಆದರೆ ಹತ್ತು ನಿಮಿಷ ಬಿಟ್ಟು ಮತ್ತೆ ಒತ್ತಿ ನೋಡಿದೆ. ಆಗ ಅರ್ಧ ನಿಮಿಷದ್ದೇ ಹದವಾಗಿತ್ತು. ಎರಡು ನಿಮಿಷದ್ದು ಅಂಚು ಅಂಟಿಕೊಂಡಿತ್ತು, ಐದು ನಿಮಿಷದ್ದು ಉಂಡೆ ಕಟ್ಟಬಹುದಿತ್ತು.

ಅಂದರೆ ನೀರು ಬಸಿದ ಮೇಲೂ ಅವಲಕ್ಕಿ ನೆನೆಯುತ್ತಲೇ ಇರುತ್ತದೆ. ಎಸಳಿನ ಮೇಲೆ ಉಳಿದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಹಾಗಾಗಿ ಇನ್ನೂ ಸ್ವಲ್ಪ ಗಟ್ಟಿ ಅನ್ನಿಸುವಾಗಲೇ ಬಸಿಯಬೇಕು. ಮೀಡಿಯಂ ಅವಲಕ್ಕಿಯಾದರೆ ತೂತಿನ ಪಾತ್ರೆಗೆ ಹಾಕಿ ನಲ್ಲಿಯ ಕೆಳಗೆ ಕೈಯಾಡಿಸುತ್ತಾ ಎರಡು ಸಲ ತೊಳೆಯಿರಿ, ಅರ್ಧ ನಿಮಿಷ ಸಾಕು. ಪಾತ್ರೆಯನ್ನು ಓರೆಯಾಗಿ ಇಟ್ಟು 10 ನಿಮಿಷ ಬಿಡಿ. ಗಟ್ಟಿ ಅವಲಕ್ಕಿಯಾದರೆ ಮುಳುಗುವಷ್ಟು ನೀರಲ್ಲಿ 2ರಿಂದ 3 ನಿಮಿಷ, ಆಮೇಲೆ ಬಸಿದು ಅದೇ 10 ನಿಮಿಷ. ಕೆಂಪು ಅವಲಕ್ಕಿಗೆ ತೌಡಿನ ಪದರ ಇರುವುದರಿಂದ ಅದಕ್ಕಿಂತ ಜಾಸ್ತಿ ಹೊತ್ತು ಬೇಕು, ಎರಡೆರಡು ನಿಮಿಷಕ್ಕೆ ಒಂದು ಎಸಳು ಒತ್ತಿ ನೋಡಿ.

ಹದ ನೋಡುವುದು ಹೀಗೆ. ಒಂದು ಎಸಳನ್ನು ಎತ್ತಿದರೆ ಮುರಿಯದೆ ಬರಬೇಕು. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ನಡುವೆ ಗಟ್ಟಿ ಗೆರೆ ಸಿಗದೆ ಅಪ್ಪಚ್ಚಿಯಾಗಬೇಕು. ಉಪ್ಪು, ಚಿಟಿಕೆ ಸಕ್ಕರೆ, ಅರಿಶಿನವನ್ನು ಈ ಹಂತದಲ್ಲೇ ಬೆರಳ ತುದಿಯಲ್ಲಿ ಕಲಸಿಡಿ. ಬಾಣಲೆಯಲ್ಲಿ ಉಪ್ಪು ಬೆರೆಸಲು ಸೌಟಿನಿಂದ ತಿಕ್ಕುವುದು ತಪ್ಪುತ್ತದೆ. ಮುದ್ದೆಯಾಗಲು ಆ ತಿಕ್ಕಾಟವೂ ಒಂದು ಕಾರಣ.

ನೆನೆಸಿದ್ದು ಆಗಲೇ ಮೆತ್ತಗಾಗಿದ್ದರೆ, ಇನ್ನೂ ಒಗ್ಗರಣೆಗೆ ಹಾಕಿಲ್ಲದಿದ್ದರೆ, ಒಣ ಬಟ್ಟೆಯ ಮೇಲೆ ಕಾಲು ಗಂಟೆ ಹರಡಿ. ಮೇಲ್ಮೈ ನೀರು ಹೋಗಿ ಅರ್ಧ ಉಳಿಯುತ್ತದೆ. ಒಗ್ಗರಣೆಗೆ ಬಿದ್ದ ಮೇಲೆ ಗೊತ್ತಾದರೆ ಉಪ್ಪಿಟ್ಟಿನ ಹಾಗೆ ರೊಟ್ಟಿಯೇ ಗತಿ.

## ಅವಲಕ್ಕಿ ಒಣಗಿ ಚರ್ಮದ ಹಾಗೆ

ಇದು ಉರಿಯ ತಪ್ಪು. ಬೆಂದ ವಸ್ತುವನ್ನು ಮತ್ತೆ ಬೇಯಿಸಲು ಹೋಗಿ, ದೊಡ್ಡ ಉರಿಯಲ್ಲಿ ಹತ್ತು ನಿಮಿಷ ಹುರಿದಿರುತ್ತೀರಿ. ಅವಲಕ್ಕಿ ಬಾಣಲೆಗೆ ಬಿದ್ದ ಮೇಲೆ ಒಟ್ಟು 4 ನಿಮಿಷ ಸಾಕು. ಸಣ್ಣ ಉರಿ, ಎರಡು ಸಲ ತಳದಿಂದ ಮೇಲಕ್ಕೆ ಎತ್ತಿ ಕೆದಕುವುದು, ಮುಚ್ಚಿ 2 ನಿಮಿಷ ಹಬೆ. ಈರುಳ್ಳಿ ಅದಕ್ಕೂ ಮೊದಲೇ ಬೆಂದಿರಬೇಕು, ಕಡಲೆಕಾಯಿ ಬೀಜ ಮೊದಲೇ ಹುರಿದು ತೆಗೆದಿಟ್ಟಿರಬೇಕು. ನಿಂಬೆರಸ ಒಲೆ ಆರಿಸಿದ ಮೇಲೆ.

ಒಣಗಿದ್ದರೆ ಕೈ ಅದ್ದಿ ಎರಡು ಮೂರು ಸಲ ನೀರು ಚಿಮುಕಿಸಿ, ಮುಚ್ಚಿ, ಒಲೆ ಆರಿಸಿ ಬಿಡಿ. ಹಬೆಯೇ ಕೆಲಸ ಮಾಡುತ್ತದೆ. ಲೋಟದಿಂದ ನೀರು ಸುರಿದರೆ ತಳದಲ್ಲಿ ಮುದ್ದೆ, ಮೇಲೆ ಚರ್ಮ, ಎರಡೂ ಒಟ್ಟಿಗೆ ಸಿಗುತ್ತದೆ.

ಮಾಡಿದಾಗ ಚೆನ್ನಾಗಿದ್ದು ಡಬ್ಬಿಯಲ್ಲಿ ಗಟ್ಟಿಯಾದರೆ ಅದು ನಿಮ್ಮ ತಪ್ಪಲ್ಲ. ತಣ್ಣಗಾದಾಗ ಪಿಷ್ಟ ಬಿಗಿಯುತ್ತದೆ, ಅನ್ನದಲ್ಲೂ ಹಾಗೇ ಆಗುತ್ತದಲ್ಲ. ಒಂದು ಚಮಚ ನೀರು ಚಿಮುಕಿಸಿ ಮುಚ್ಚಿ ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ. ಆಫೀಸಿಗೆ ಒಯ್ಯುವುದಾದರೆ ತೆಂಗಿನ ತುರಿ ಬಿಡಿ, ಬೇಗ ಹಳಸುತ್ತದೆ.

## ತಳ ಹಿಡಿದಿದೆ, ಮೇಲೆ ಬೆಂದಿಲ್ಲ

ತಳವನ್ನು ಕೆರೆಯಬೇಡಿ, ಸೀದ ವಾಸನೆ ಪೂರ್ತಿ ಹರಡುತ್ತದೆ. ಮೇಲಿನದನ್ನು ಮೆಲ್ಲಗೆ ಬೇರೆ ಪಾತ್ರೆಗೆ ತೆಗೆದು, ಮುಚ್ಚಿ 5 ನಿಮಿಷ ಇಡಿ. ಪದೇಪದೇ ಹೀಗಾದರೆ ಬಾಣಲೆ ನೋಡಿ. ತೆಳು ತಳದ ಪಾತ್ರೆಯಲ್ಲಿ ಉರಿ ಎಷ್ಟು ಸಣ್ಣ ಮಾಡಿದರೂ ನಡುವೆ ಸೀಯುತ್ತದೆ. ಕೆಳಗೆ ಒಂದು ಹಳೇ ದೋಸೆ ಹೆಂಚು ಇಟ್ಟರೆ ಸಾಕು, ಹೊಸ ಪಾತ್ರೆ ಕೊಳ್ಳಬೇಕಿಲ್ಲ. ಇಂಡಕ್ಷನ್ ಆದರೆ ಹೆಂಚಿನ ಉಪಾಯ ನಡೆಯುವುದಿಲ್ಲ, ದಪ್ಪ ತಳದ ಪಾತ್ರೆಯೇ ಬೇಕು.

ಗ್ಯಾಸ್ ಒಲೆಯ ಉರಿ ನೀಲಿ ಬಿಟ್ಟು ಹಳದಿಯಾಗಿ, ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಬರ್ನರ್ ಕಟ್ಟಿಕೊಂಡಿದೆ. ಒಲೆ ತಣ್ಣಗಾದ ಮೇಲೆ ಬರ್ನರಿನ ಮುಚ್ಚಳ ತೆಗೆದು ತೊಳೆದು, ಪೂರ್ತಿ ಒಣಗಿಸಿ ಇಡಿ. ಅದಕ್ಕೂ ಸರಿಯಾಗದಿದ್ದರೆ ಒಳಗಿನ ಜೆಟ್ಟನ್ನು ನೀವೇ ಬಿಚ್ಚಬೇಡಿ, ಮೆಕ್ಯಾನಿಕ್ ಕರೆಸಿ. ಗ್ಯಾಸ್ ವಾಸನೆ ಬಂದರೆ ಉಪ್ಪಿಟ್ಟು ಬಿಡಿ. ಒಲೆ ಆರಿಸಿ, ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆಯಿರಿ. ಲೈಟು, ಫ್ಯಾನಿನ ಸ್ವಿಚ್ ಮುಟ್ಟದೆ ಮನೆಯಿಂದ ಆಚೆ ಬಂದು 1906ಕ್ಕೆ ಫೋನ್ ಮಾಡಿ.

## ಏನು ಮಾಡಿದರೂ ಸರಿಯಾಗುತ್ತಿಲ್ಲ

ಆಗ ಪದಾರ್ಥದ ಮೇಲೆ ಅನುಮಾನ ಪಡಿ. ಜುಲೈ ಆಗಸ್ಟಿನ ಜಿಟಿಜಿಟಿ ಮಳೆಯಲ್ಲಿ ಬಾಯಿ ತೆರೆದಿಟ್ಟ ಅವಲಕ್ಕಿ ಗಾಳಿಯ ತೇವ ಎಳೆದುಕೊಂಡಿರುತ್ತದೆ. ಅದು ಮುರಿದರೆ ಪಟ್ ಅನ್ನುವುದಿಲ್ಲ, ಬಾಗುತ್ತದೆ. ಅಂಥದ್ದನ್ನು ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ 2 ನಿಮಿಷ ಬೆಚ್ಚಗೆ ಮಾಡಿ, ಆರಿಸಿ, ಆಮೇಲೆ ತೊಳೆಯಿರಿ. ರವೆಯಲ್ಲಿ ಬಲೆಬಲೆಯಾಗಿ ನೂಲು ಕಂಡರೆ ಹುಳ ಬಿದ್ದಿದೆ. ಮುಗ್ಗಲು ವಾಸನೆ, ಹಸಿರು ಕಪ್ಪು ಚುಕ್ಕೆ, ಕಹಿ ಇದ್ದರೆ ಹುರಿದು ಸರಿಮಾಡಲು ಹೋಗಬೇಡಿ, ಎಸೆಯಿರಿ. ಅಂದೇ ತಂದ ಪ್ಯಾಕೆಟ್ ಆದರೆ ಅಂಗಡಿಗೆ ವಾಪಸ್ ಒಯ್ಯಿರಿ.

ಮಾಡಿ ಮಿಕ್ಕ ಅವಲಕ್ಕಿಯನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಇಡಿ. ಬೆಂದ ಅಕ್ಕಿಯ ಪದಾರ್ಥ ಹೊರಗೆ ಬಿದ್ದಿದ್ದರೆ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ ಬೆಳೆಯಬಹುದು. ಅದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ, ವಾಸನೆಯಿಂದ ಗೊತ್ತೂ ಆಗುವುದಿಲ್ಲ. ಬೆಳಿಗ್ಗೆ ಮಾಡಿ ಸಂಜೆವರೆಗೆ ಅಡುಗೆಕಟ್ಟೆಯ ಮೇಲೇ ಇದ್ದದ್ದನ್ನು ಎಷ್ಟೇ ಉದುರುದುರಾಗಿ ಬಂದಿದ್ದರೂ ಚೆಲ್ಲಿಬಿಡಿ.